ಟ್ರೇ ವ್ಯಾಪಾರಿಗೆ ಬರೆದ ಎರಡನೇ ಕಾಗದ

ಬನ್ ಕೊಳ್ಳುವವರು ಅದರ ನೆತ್ತಿ ನೋಡುತ್ತಾರೆ, ತಳ ನೋಡುವುದಿಲ್ಲ. ನೆತ್ತಿ ಕೆಂಪಗೆ ಬೆಂದು ಹೊಳೆಯುತ್ತಿದ್ದರೆ ಸಾಕು, ದುಡ್ಡು ಕೊಟ್ಟು ಹೋಗುತ್ತಾರೆ. ಅರಸೀಕೆರೆ ಕಡೆಯ ಒಂದು ಸಣ್ಣ ಬೇಕರಿಯಲ್ಲಿ ಒಬ್ಬ ಅಜ್ಜಿ ಮಾತ್ರ ತಳ ನೋಡಿದರು. ಮೊಮ್ಮಗನಿಗೆ ಬೆಣ್ಣೆ ಬನ್ ಮುರಿದು ಕೊಡುವಾಗ ಅಡಿಯಲ್ಲಿ ಅಂಟಿಕೊಂಡಿದ್ದ ಕಪ್ಪು ಚೂರೊಂದನ್ನು ಉಗುರಿನಿಂದ ಎಬ್ಬಿಸಿ, ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟು, "ಇದೇನಪ್ಪಾ, ನೊಣದ ರೆಕ್ಕೆನಾ?" ಅಂದರು.

ನೊಣವಲ್ಲ. ಸಾಸಿವೆಯಷ್ಟೂ ಇಲ್ಲದ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಚೂರು. ಮಾಲೀಕರು ಅದನ್ನು ಬಿಲ್ಲಿನ ಚೀಟಿಯಲ್ಲಿ ಮಡಚಿಟ್ಟುಕೊಂಡು ಸಂಜೆ ನನಗೆ ತೋರಿಸಿದರು. ನಾನು ಹಿಂದೆ ಪಾತ್ರೆ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವನು ಎಂಬುದು ಅವರಿಗೆ ಗೊತ್ತಿತ್ತು. ಬೇಕರಿಯಲ್ಲಿ ಕಪ್ಪು ಚೂರು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಸೀದುಹೋದ ಎಣ್ಣೆಯನ್ನು. ಟ್ರೇಗೆ ಸವರಿದ ಎಣ್ಣೆಯೋ ಡಾಲ್ಡಾವೋ ದಿನವೂ ಕಾದು ಕಾದು ಕರಕಾಗಿ ಪದರಗಟ್ಟುತ್ತದೆ, ಒಂದು ದಿನ ಉದುರುತ್ತದೆ. ಅದನ್ನು ಎರಡು ಉಗುರುಗಳ ನಡುವೆ ಒತ್ತಿದರೆ ಪುಡಿಯಾಗುತ್ತದೆ. ಇದು ಪುಡಿಯಾಗಲಿಲ್ಲ, ಬಾಗಿತು. ಒಂದು ಮೈ ಮಂಕಾಗಿತ್ತು, ಇನ್ನೊಂದು ಮೈ ನಯವಾಗಿ ಹೊಳೆಯುತ್ತಿತ್ತು. ಟ್ರೇಯ ಕೋಟಿಂಗೇ ಎದ್ದುಬಂದಿದೆ ಎಂದು ಹೇಳಲು ಅಷ್ಟು ಸಾಕಾಗಿತ್ತು.

ಎರಡು ತಿಂಗಳ ಹಿಂದಷ್ಟೇ ಅವರು ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ 40 ಟ್ರೇ ತರಿಸಿದ್ದರು. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ, ಕಪ್ಪು ಬಣ್ಣದ, ಬನ್ ಅಂಟಿಕೊಳ್ಳದ ಟ್ರೇಗಳು. ಬಿಲ್ಲಿನಲ್ಲಿ 'ಫುಡ್ ಗ್ರೇಡ್ ಕೋಟೆಡ್ ಟ್ರೇ, 40 ನಗ' ಎಂದಿತ್ತು. ಮಾಲೀಕರು ಆ ಎರಡು ಪದಗಳನ್ನೇ ನಂಬಿ, ಎರಡೇ ಸಾಲಿನ ಕಾಗದ ಬರೆದಿದ್ದರು: ನಿಮ್ಮ ಟ್ರೇಯ ಕೋಟಿಂಗ್ ಏಳುತ್ತಿದೆ, ಫುಡ್ ಗ್ರೇಡ್ ಸರ್ಟಿಫಿಕೇಟ್ ಕಳಿಸಿ. ಮಾರನೇ ದಿನವೇ ವಾಟ್ಸ್ಆ್ಯಪಿಗೆ ಒಂದು ಪಿಡಿಎಫ್ ಬಂತು. ಬಣ್ಣದ ಲಾಂಛನ, ದುಂಡು ಮೊಹರು, ಕೆಳಗೆ ಸಹಿ. "ಎಲ್ಲಾ ಸರಿ ಇದೆಯಲ್ಲಾ ಸಾರ್?" ಎಂದು ಕೇಳಿದರು.

ಕಾಗದ ನಿಜವಾದದ್ದೇ. ಆದರೆ ಅದು ಈ ಟ್ರೇಯ ಜಾತಕವಾಗಿರಲಿಲ್ಲ. ಪರೀಕ್ಷೆಗೆ ಕಳಿಸಿದವರ ಹೆಸರಿನ ಜಾಗದಲ್ಲಿ ಬೇರೊಂದು ಕಂಪನಿಯ ಹೆಸರು. ಮಾದರಿಯ ವಿವರ 'ಕಪ್ಪು ಲೇಪನದ ಲೋಹದ ತುಂಡು' ಎಂದಷ್ಟೇ. ವರದಿಗೆ ಐದಾರು ವರ್ಷ ವಯಸ್ಸಾಗಿತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ, ಅದು ಆರ್‌ಓಎಚ್‌ಎಸ್ ಎಂಬ ಪರೀಕ್ಷೆಯ ವರದಿ. ಸೀಸ, ಪಾದರಸ, ಕ್ಯಾಡ್ಮಿಯಂ ಎಲ್ಲಕ್ಕೂ 'ಪತ್ತೆಯಾಗಿಲ್ಲ' ಎಂದಿರುವುದರಿಂದ ನೋಡಿದವರಿಗೆ ಧೈರ್ಯ ಬರುತ್ತದೆ. ಈ ನಿಯಮ ಯುರೋಪಿನದು, ಟಿವಿ, ಮೊಬೈಲು, ವೈರುಗಳಂಥ ವಿದ್ಯುತ್ ಸಾಮಾನುಗಳಿಗೆ ಮಾಡಿದ್ದು. ಹತ್ತು ಬಗೆಯ ರಾಸಾಯನಿಕಗಳು ಆ ಸಾಮಾನಿನೊಳಗೆ ಎಷ್ಟಿವೆ ಎಂದು ಅದು ಅಳೆಯುತ್ತದೆ. ಬಿಸಿಯಾದಾಗ, ಬೆಣ್ಣೆ ತಾಗಿದಾಗ ಅದರಿಂದ ಆಹಾರಕ್ಕೆ ಏನು ಇಳಿಯುತ್ತದೆ ಎಂದು ಅದು ಕೇಳುವುದೇ ಇಲ್ಲ. ಪಾತ್ರೆ ವ್ಯಾಪಾರದಲ್ಲಿ ಈ ವರದಿ ಫುಡ್ ಗ್ರೇಡ್ ಪತ್ರದ ವೇಷದಲ್ಲಿ ಓಡಾಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಮೋಸ ಮಾಡಬೇಕೆಂದೇ ಕಳಿಸುತ್ತಾರೆ ಎನ್ನಲಾರೆ. ಅಂಗಡಿಯ ಹುಡುಗನಿಗೆ ಕಂಪ್ಯೂಟರಿನಲ್ಲಿ ಸಿಕ್ಕಿದ ಒಂದೇ 'ಸರ್ಟಿಫಿಕೇಟ್' ಅದಾಗಿರುತ್ತದೆ, ನಾವು ಕೇಳಿದ್ದೂ 'ಸರ್ಟಿಫಿಕೇಟ್' ಅಂತಲೇ.

ಹಾಗಾದರೆ ಏನು ಕೇಳಬೇಕಿತ್ತು?

'ಫುಡ್ ಗ್ರೇಡ್' ಎಂಬುದು ಯಾವುದೋ ಕಚೇರಿ ಕೊಡುವ ಪದವಿಯಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಮತ್ತು ನೋಂದಣಿ ನಿಯಮಗಳು 2011ರಲ್ಲಿ ಬಂದವು. ಅವುಗಳ 4ನೇ ಅನುಸೂಚಿಯಲ್ಲಿ, ಆಹಾರಕ್ಕೆ ತಾಗುವ ಸಲಕರಣೆ, ಪಾತ್ರೆಗಳು ತುಕ್ಕು ಹಿಡಿಯದ, ಆಹಾರಕ್ಕೆ ವಿಷ ಸೇರಿಸದ, ಸುಲಭವಾಗಿ ತೊಳೆಯಬಹುದಾದ ವಸ್ತುವಿನವಾಗಿರಬೇಕು ಎಂದಿದೆ. ಇದು ಬೇಕರಿಯವರ ಹೊಣೆ, ಟ್ರೇ ಮಾರಿದವರದ್ದಲ್ಲ. ಇನ್‌ಸ್ಪೆಕ್ಟರ್ ಬಂದರೆ ನಿಲ್ಲುವುದು ಬೇಕರಿಯ ಬಾಗಿಲಲ್ಲಿ. 2018ರ ಪ್ಯಾಕೇಜಿಂಗ್ ನಿಯಮಗಳು ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯಬಹುದಾದ ಒಟ್ಟು ವಸ್ತುವಿಗೆ ಮಿತಿ ಹಾಕಿವೆ: 10 ಸೆಂ.ಮೀ. ಉದ್ದಗಲದ ಒಂದು ಚೌಕದಿಂದ 10 ಮಿಲಿಗ್ರಾಂ ಮೀರಬಾರದು. ಆದರೆ ಅದು ಕವರು, ಡಬ್ಬಿಗಳ ಮಾತು. ಒಲೆಯೊಳಗೆ ಕಾಯುವ ಟ್ರೇಯ ಲೇಪನ ಅದರ ಹಿಡಿತಕ್ಕೆ ನೇರವಾಗಿ ಸಿಗುವುದಿಲ್ಲ. ಅದಕ್ಕೇ ಒಳ್ಳೆಯ ತಯಾರಕರು ಅಮೆರಿಕದ ಅಥವಾ ಯುರೋಪಿನ ನಿಯಮವನ್ನು ಉಲ್ಲೇಖಿಸುತ್ತಾರೆ. ಅಮೆರಿಕದ್ದಾದರೆ 21 CFR 175.300, ರಾಳದಂಥ ಲೇಪನಗಳಿಗೆ ಸಂಬಂಧಿಸಿದ್ದು. ಇಲ್ಲೂ ಒಂದು ಮಾತು: 'ಎಫ್‌ಡಿಎ ಅಪ್ರೂವ್ಡ್ ಟ್ರೇ' ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಆ ಸಂಸ್ಥೆ ಒಂದೊಂದು ಟ್ರೇಯನ್ನೂ ನೋಡಿ ಒಪ್ಪಿಗೆ ಕೊಡುವುದಿಲ್ಲ. ಲೇಪನದಲ್ಲಿ ಯಾವ ವಸ್ತು ಬಳಸಬಹುದು, ಪರೀಕ್ಷೆಯಲ್ಲಿ ಎಷ್ಟು ಇಳಿಯಬಹುದು ಎಂದು ಹೇಳಿದೆ. ಅದಕ್ಕೆ ತಕ್ಕಂತೆ ಮಾಡಿದ್ದೇನೆ ಎಂದು ಬರೆದುಕೊಡಬೇಕಾದವರು ತಯಾರಕರು.

ಇಲ್ಲೇ ಮುಖ್ಯ ವಿಷಯ ಇರುವುದು. ಒಂದು ವಸ್ತು ಫುಡ್ ಗ್ರೇಡ್ ಹೌದೋ ಅಲ್ಲವೋ ಎಂಬುದಕ್ಕೆ ಬರೀ ಹೌದು, ಅಲ್ಲ ಎಂಬ ಉತ್ತರವಿಲ್ಲ. ಯಾವ ಆಹಾರಕ್ಕೆ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳ ಜೊತೆ ಮಾತ್ರ ಉತ್ತರ ಹುಟ್ಟುತ್ತದೆ. ಪ್ರಯೋಗಾಲಯದಲ್ಲಿ ಆಹಾರದ ಬದಲು ಅದರ ಗುಣವಿರುವ ದ್ರವಗಳನ್ನು ಬಳಸುತ್ತಾರೆ. ಹುಳಿ ಪದಾರ್ಥಕ್ಕೆ ಬದಲಾಗಿ 3 ಪರ್ಸೆಂಟ್ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. ಜಿಡ್ಡಿನ ಪದಾರ್ಥಕ್ಕೆ ಬದಲಾಗಿ ಎಣ್ಣೆ ಅಥವಾ ಅದರಂಥ ದ್ರಾವಕ. ಆ ದ್ರವವನ್ನು ಲೇಪನದ ಮೇಲೆ ಇಂತಿಷ್ಟು ಬಿಸಿಯಲ್ಲಿ ಇಂತಿಷ್ಟು ಹೊತ್ತು ಇಟ್ಟು, ಆಮೇಲೆ ದ್ರವಕ್ಕೆ ಎಷ್ಟು ಇಳಿದಿದೆ ಎಂದು ತೂಗುತ್ತಾರೆ. '40 ಡಿಗ್ರಿ, 10 ದಿನ' ಎಂದು ವರದಿಯಲ್ಲಿದ್ದರೆ ಅದು ಬೀರುವಿನಲ್ಲಿ ಕೂರುವ ಡಬ್ಬಿಯ ಪರೀಕ್ಷೆ. ಯುರೋಪಿನ ಪ್ಲಾಸ್ಟಿಕ್ ನಿಯಮದಲ್ಲಿ ಜಿಡ್ಡಿನ ಆಹಾರ ಬಹಳ ಬಿಸಿಯಾಗುವ ಬಳಕೆಗೆ '175 ಡಿಗ್ರಿ, 2 ಗಂಟೆ, ಎಣ್ಣೆ' ಎಂಬ ಪರೀಕ್ಷೆ ಇದೆ. ಬೇಕರಿ ಟ್ರೇಗೆ ಹತ್ತಿರದ್ದು ಇದು. ಎರಡೂ ವರದಿಗಳಲ್ಲಿ ಕೊನೆಯ ಸಾಲು 'ಪಾಸ್' ಅಂತಲೇ ಇರುತ್ತದೆ. ಕೊನೆಯ ಸಾಲು ಮಾತ್ರ ಓದಿದವರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಹೀಗೆಲ್ಲ ಮಾತಾಡಿ, ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾ ಚೀಲದ ಮೇಲೆ ಕೂತು ಎರಡನೇ ಕಾಗದ ಬರೆದೆವು. ಮಾಲೀಕರು ಹೇಳಿದರು, ನಾನು ತಿದ್ದಿದೆ. ಹೆಸರು ವಿಳಾಸ ಬಿಟ್ಟು ಅದು ಹೀಗಿತ್ತು:

"ಮಾನ್ಯರೇ,

ತಮ್ಮಲ್ಲಿ ನಾವು ಕೊಂಡ 40 ಬೇಕರಿ ಟ್ರೇಗಳ ಬಿಲ್ಲಿನ ಪ್ರತಿ ಇದರೊಂದಿಗಿದೆ. ಈ ಟ್ರೇಗಳಲ್ಲಿ 11 ಟ್ರೇಗಳ ಕೋಟಿಂಗ್ ಎದ್ದಿದೆ. ಫೋಟೋ ಮತ್ತು ಎದ್ದ ಚೂರನ್ನು ಕಳಿಸಿದ್ದೇವೆ. ತಾವು ಕಳಿಸಿದ ವರದಿ ವಿದ್ಯುತ್ ಸಾಮಾನುಗಳ ನಿಯಮಕ್ಕೆ ಸೇರಿದ್ದು, ಅದರಲ್ಲಿ ನಮ್ಮ ಟ್ರೇಯ ಹೆಸರಾಗಲಿ ತಮ್ಮ ಹೆಸರಾಗಲಿ ಇಲ್ಲ. ಆದ್ದರಿಂದ ಕೆಳಗಿನ ವಿವರ ಬೇಕಾಗಿದೆ.

ಮೊದಲು ನಮ್ಮ ಬಳಕೆ ತಿಳಿಸುತ್ತೇವೆ. ಬನ್, ಖಾರಾ ಬನ್, ಬೆಣ್ಣೆ ಬಿಸ್ಕತ್ತು ಬೇಯಿಸುತ್ತೇವೆ. ಹಿಟ್ಟಿನಲ್ಲಿ ಬೆಣ್ಣೆ, ಡಾಲ್ಡಾ, ಉಪ್ಪು, ಖಾರಾ ಬನ್ನಿನಲ್ಲಿ ಮೊಸರು ಇರುತ್ತದೆ. ಒಂದು ಸೌದೆ ಭಟ್ಟಿ, ಒಂದು ಕರೆಂಟಿನ ಓವನ್ ಇದೆ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 12ರಿಂದ 20 ನಿಮಿಷ ಟ್ರೇ ಒಳಗಿರುತ್ತದೆ.

ಟ್ರೇಯ ತಗಡು ಯಾವುದು? ಅಲ್ಯೂಮಿನಿಯಮ್ಮೋ, ಅಲ್ಯೂಮಿನಿಯಂ ಹೊದಿಸಿದ ಉಕ್ಕೋ, ಜಿ.ಐ. ತಗಡೋ? ಮಿಶ್ರಲೋಹದ ನಂಬರು, ದಪ್ಪ ತಿಳಿಸಿ, ತಗಡು ಕೊಟ್ಟ ಕಾರ್ಖಾನೆಯ ಪರೀಕ್ಷಾ ಪತ್ರದ ಪ್ರತಿ ಕಳಿಸಿ. ಟ್ರೇಗೆ ಐಎಸ್‌ಐ ಗುರುತು ಅನ್ವಯಿಸುವುದಾದರೆ ಲೈಸೆನ್ಸ್ ನಂಬರು ಕೊಡಿ, ಅನ್ವಯಿಸದಿದ್ದರೆ ಹಾಗೆಂದು ಬರೆಯಿರಿ.

ಕೋಟಿಂಗ್ ಯಾವ ಬಗೆಯದು? ಟೆಫ್ಲಾನಿನಂಥ ಪಿಟಿಎಫ್‌ಇಯೋ, ಸಿಲಿಕೋನೋ, ಬೇರೆಯದೋ? ಅದನ್ನು ತಯಾರಿಸಿದವರು ಯಾರು, ಅದರ ಕೋಡ್ ಏನು, ಎಷ್ಟು ಪದರ, ಎಷ್ಟು ಮೈಕ್ರಾನ್ ದಪ್ಪ? ಲೇಪನ ಹಚ್ಚಿದವರು ತಾವೋ, ಬೇರೆಯವರೋ? ಎಡೆಬಿಡದೆ ತಡೆಯುವ ಬಿಸಿ ಎಷ್ಟು, ಸ್ವಲ್ಪ ಹೊತ್ತು ತಡೆಯುವ ಬಿಸಿ ಎಷ್ಟು? ಸೋಡಾ ಪುಡಿ, ಕಬ್ಬಿಣದ ಕೆರೆಯುವ ಪಟ್ಟಿ ಬಳಸಬಹುದೇ? ಎಷ್ಟು ಸಲ ಬೇಯಿಸಿದ ಮೇಲೆ ಮತ್ತೆ ಕೋಟಿಂಗ್ ಮಾಡಿಸಬೇಕು?

ಈ ಕೋಟಿಂಗ್ ಆಹಾರಕ್ಕೆ ತಾಗಲು ಯೋಗ್ಯ ಎಂದು ಯಾವ ನಿಯಮದ ಪ್ರಕಾರ ಹೇಳುತ್ತೀರಿ ಎಂಬ ಘೋಷಣೆಯನ್ನು ತಮ್ಮ ಲೆಟರ್‌ಹೆಡ್ಡಿನಲ್ಲಿ, ಟ್ರೇಯ ಮಾದರಿ ಮತ್ತು ಬ್ಯಾಚ್ ನಮೂದಿಸಿ, ಸಹಿ ಮಾಡಿ ಕಳಿಸಿ. ಜೊತೆಗೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ಪೂರ್ಣ ವರದಿ ಬೇಕು. ಅದರಲ್ಲಿ ಯಾವ ದ್ರವ, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ಕಾಣಬೇಕು. ಮೊದಲ ಪುಟ ಮಾತ್ರ ಸಾಲದು.

ವಿವರ ಬರುವವರೆಗೆ ಈ ಟ್ರೇಗಳ ಬಳಕೆ ನಿಲ್ಲಿಸಿದ್ದೇವೆ. 15 ದಿನದೊಳಗೆ ಉತ್ತರ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,"

ಮಾಲೀಕರಿಗೆ ಎರಡನೇ ಪ್ಯಾರಾ ಬೇಡವೆನ್ನಿಸಿತ್ತು. "ಕೇಳೋದು ನಾವು, ನಮ್ಮ ಕಥೆ ಯಾಕೆ ಹೇಳಬೇಕು?" ಎಂದರು. ಇಡೀ ಕಾಗದದಲ್ಲಿ ಬಿಡಬಾರದ ಭಾಗ ಅದೇ. ಬಳಕೆ ಹೇಳದೆ ಪುರಾವೆ ಕೇಳಿದರೆ ವ್ಯಾಪಾರಿ ತನಗೆ ಅನುಕೂಲವಾದ ಬಳಕೆಗೆ ಉತ್ತರ ಕೊಡುತ್ತಾನೆ. ಬಳಕೆ ಬರೆದುಕೊಟ್ಟ ಮೇಲೆ 'ಹೌದು, ಯೋಗ್ಯ' ಎಂದರೆ ಆ ಮಾತಿಗೆ ಅವನು ಸಿಕ್ಕಿಬಿದ್ದ ಹಾಗೆ.

ತಗಡಿನ ಪ್ರಶ್ನೆ ಕೇಳಲು ಕಾರಣ ಇದೆ. ಕೋಟಿಂಗ್ ಎದ್ದ ಮೇಲೆ ಆಹಾರಕ್ಕೆ ತಾಗುವುದು ಕೆಳಗಿನ ತಗಡೇ. ನಮ್ಮ ಊರುಗಳ ಹಳೇ ಬೇಕರಿಗಳಲ್ಲಿ ಕಪ್ಪು ಕಬ್ಬಿಣದ ತಗಡಿನ ಟ್ರೇ ಇರುತ್ತಿತ್ತು. ಪಕ್ಕದ ತಗಡಿನ ಕೆಲಸದವನು ಅಂಚು ಮಡಚಿ ಮಾಡಿಕೊಡುತ್ತಿದ್ದ. ಎಣ್ಣೆ ಸವರಿ ಭಟ್ಟಿಯಲ್ಲಿ ನಾಲ್ಕಾರು ಸಲ ಕಾಯಿಸಿ ಪಳಗಿಸಿದರೆ ದೋಸೆ ಕಾವಲಿಯ ಹಾಗೆ ವರ್ಷಗಟ್ಟಲೆ ಬರುತ್ತಿತ್ತು. ಅದರಿಂದ ಇಳಿಯುವುದು ಕಬ್ಬಿಣ, ಹೆದರಬೇಕಾದದ್ದೇನಲ್ಲ. ಆಮೇಲೆ ತುಕ್ಕು ಹಿಡಿಯುವುದಿಲ್ಲವೆಂದು ಜಿ.ಐ. ತಗಡು ಬಂತು, ನೀರಿನ ಬಕೆಟ್ಟಿನ ತಗಡು. ಅದರ ಮೇಲಿರುವುದು ಸತು. ಮೊಸರು, ಟೊಮ್ಯಾಟೊದಂಥ ಹುಳಿಗೆ ಸತು ಕರಗುತ್ತದೆ, ಜಾಸ್ತಿಯಾದರೆ ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಅಲ್ಯೂಮಿನಿಯಂ ಹೊದಿಸಿದ ಉಕ್ಕೂ ಬೆಳ್ಳಗೇ ಇರುತ್ತದೆ, ಎರಡಕ್ಕೂ ಅಯಸ್ಕಾಂತ ಅಂಟುತ್ತದೆ. ಹೊಸ ಜಿ.ಐ. ತಗಡುಗಳಲ್ಲಿ ಹಳೆಯದರ ಹಾಗೆ ಹೂವಿನಂಥ ಚಿತ್ತಾರವೂ ಕಾಣದಿರಬಹುದು. ಅದರ ಮೇಲೆ ಕಪ್ಪು ಕೋಟಿಂಗ್ ಬಳಿದರಂತೂ ಕಣ್ಣಿಗೆ ಗೊತ್ತಾಗುವ ಮಾತೇ ಇಲ್ಲ. ಕಾಗದದಲ್ಲೇ ಕೇಳಬೇಕು. ಐಎಸ್‌ಐ ಪ್ರಶ್ನೆ ಬಂದದ್ದು 2024ರ ಕೇಂದ್ರ ಸರ್ಕಾರದ ಆದೇಶದಿಂದ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಆ ಗುರುತು ಕಡ್ಡಾಯ ಮಾಡಿದ್ದಾರೆ. ಗುರುತಿನ ಕೆಳಗೆ CM/L ಎಂದು ಶುರುವಾಗುವ ನಂಬರನ್ನು BIS Care ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯೇ ಎಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಕೋಟಿಂಗಿನ ಬಗೆ ಕೇಳಿದ್ದು ಬಿಸಿಯ ಲೆಕ್ಕಕ್ಕಾಗಿ. ಪಿಟಿಎಫ್‌ಇ ಸುಮಾರು 260 ಡಿಗ್ರಿಯವರೆಗೆ ಬಳಕೆಗೆ ಸರಿ. 327 ಡಿಗ್ರಿಗೆ ಅದು ಕರಗತೊಡಗುತ್ತದೆ, ಅದಕ್ಕೂ ಮೇಲೆ ಕಾದರೆ ಒಡೆದು ಹೊಗೆಯಾಗುತ್ತದೆ. ಆ ಹೊಗೆ ಕುಡಿದ ಮನುಷ್ಯರಿಗೆ ಜ್ವರ ಬಂದ ಹಾಗಾಗುತ್ತದೆ, ಮನೆಯಲ್ಲಿ ಸಾಕಿದ ಗಿಳಿಗಳು ಸತ್ತೇಹೋಗುತ್ತವೆ. 'ಪಿಎಫ್‌ಓಎ ಇಲ್ಲ' ಎಂಬ ಚೀಟಿ ಈಗ ಎಲ್ಲ ಕಾವಲಿಗಳ ಮೇಲೂ ಇದೆ. ಪಿಎಫ್‌ಓಎ ಎನ್ನುವುದು ಪಿಟಿಎಫ್‌ಇ ತಯಾರಿಸುವಾಗ ಹಿಂದೆ ಬಳಸುತ್ತಿದ್ದ ರಾಸಾಯನಿಕ. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಅದು ಸೇರಿತು. ಅದು ಇಲ್ಲವೆಂದ ಮಾತ್ರಕ್ಕೆ ಕೋಟಿಂಗ್ ಯಾವುದು, ಎಷ್ಟು ಬಿಸಿ ತಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ಇನ್ನು ಬ್ರೆಡ್ ಅಚ್ಚುಗಳಿಗೆ ಹೆಚ್ಚಾಗಿ ಬಳಸುವುದು ಸಿಲಿಕೋನ್. ಅಗ್ಗ, ಬನ್ ಚೆನ್ನಾಗಿ ಬಿಡುತ್ತದೆ, ಆದರೆ ಕೆಲವು ನೂರು ಸಲ ಬೇಯಿಸಿದ ಮೇಲೆ ಸವೆಯುತ್ತದೆ, ಮತ್ತೆ ಹಚ್ಚಿಸಬೇಕು. ದೊಡ್ಡ ಬೇಕರಿಗಳು ಇದರ ಲೆಕ್ಕ ಇಡುತ್ತವೆ. ಸಣ್ಣ ಬೇಕರಿಯವರಿಗೆ ಟ್ರೇ ಎಂದರೆ ಕೊಂಡು ಮುಗಿಯಿತು.

ಹನ್ನೊಂದನೇ ದಿನ ಉತ್ತರ ಬಂತು. ಈ ಸಲ ಬರೆದವರು ಅಂಗಡಿಯ ಹುಡುಗನಲ್ಲ, ಕೋಟಿಂಗ್ ಹಚ್ಚುವ ಘಟಕದ ಎಂಜಿನಿಯರ್. ತಗಡು ಅಲ್ಯೂಮಿನಿಯಂ ಹೊದಿಸಿದ ಉಕ್ಕು, ಪತ್ರ ಲಗತ್ತಿಸಿದ್ದರು. ಕೋಟಿಂಗ್ ಸಿಲಿಕೋನ್, ಒಂದೇ ಪದರ. ಎಡೆಬಿಡದೆ 230 ಡಿಗ್ರಿ, ಸ್ವಲ್ಪ ಹೊತ್ತಿಗೆ 250. ಖಾಲಿ ಟ್ರೇ ಕಾಯಿಸಬಾರದು, ಸೋಡಾ ಪುಡಿಯಲ್ಲಿ ನೆನೆಹಾಕಬಾರದು, ಲೋಹದ ಪಟ್ಟಿಯಿಂದ ಕೆರೆಯಬಾರದು. ಕೆಳಗೊಂದು ಸಾಲು: ಸೌದೆ ಭಟ್ಟಿಯ ಬಳಕೆಯನ್ನು ನಾವು ಶಿಫಾರಸು ಮಾಡುವುದಿಲ್ಲ, ಖರೀದಿಯ ಸಮಯದಲ್ಲಿ ಇದನ್ನು ನಮಗೆ ತಿಳಿಸಿರಲಿಲ್ಲ.

ಮಾಲೀಕರ ಮುಖ ಸಣ್ಣದಾಯಿತು. ಭಟ್ಟಿ ಎಷ್ಟು ಕಾಯುತ್ತದೆ ಎಂದು ಅವರು ಯಾವತ್ತೂ ಅಳೆದಿರಲಿಲ್ಲ. ಅಳೆಯುವುದು ಮಾಸ್ಟರ್. ಕೆಂಡ ಎಳೆದು ತೆಗೆದ ಮೇಲೆ ಒಂದು ಹಿಡಿ ಮೈದಾ ನೆಲಕ್ಕೆ ಎರಚುತ್ತಾರೆ. ತಕ್ಷಣ ಕರಕಾದರೆ ಕಾಯಬೇಕು, ನಿಧಾನವಾಗಿ ಕೆಂಪಾದರೆ ಟ್ರೇ ಒಳಗೆ. ಮೂವತ್ತು ವರ್ಷದಿಂದ ತಪ್ಪದ ಲೆಕ್ಕ ಅದು, ಬನ್ನಿನ ಮಟ್ಟಿಗೆ. ನಾನು ಪಿಸ್ತೂಲಿನಾಕಾರದ ಥರ್ಮಾಮೀಟರ್ ಎರವಲು ತಂದು ಇಟ್ಟಿಗೆ ನೆಲಕ್ಕೆ ಹಿಡಿದೆ. ಕೆಂಡ ತೆಗೆದ ಕೂಡಲೇ 318. ಮೈದಾ ಎರಚಿ ಮಾಸ್ಟರ್ 'ಹೂಂ' ಅಂದಾಗ 262. ಈ ಉಪಕರಣ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ಹೊಳೆಯುವ ಲೋಹಕ್ಕೆ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಇಟ್ಟಿಗೆಗೆ, ಮಸಿ ಹಿಡಿದ ಮೈಗೆ ಹಿಡಿದರೆ ನಂಬಬಹುದು. ಕರೆಂಟಿನ ಓವನ್ನಿನಲ್ಲಿ ಬಿಸ್ಕತ್ತಿನ ಬಿಸಿ 180ರ ಆಸುಪಾಸು, ಅಲ್ಲಿ ತೊಂದರೆ ಇರಲಿಲ್ಲ.

262 ಡಿಗ್ರಿಯ ನೆಲದ ಮೇಲೆ ಇಟ್ಟ ಟ್ರೇ ಎಲ್ಲ ಕಡೆಯೂ 262 ಆಗುವುದಿಲ್ಲ. ಹಿಟ್ಟಿನಲ್ಲಿ ನೀರಿದೆ. ಬನ್ ಬೆಂದು ಹೊರಬರುವಾಗಲೂ ಅದರ ಹೊಟ್ಟೆ ನೂರು ಡಿಗ್ರಿ ಮುಟ್ಟಿರುವುದಿಲ್ಲ. ಬನ್ ಕೂತ ಜಾಗದಲ್ಲಿ ಹಿಟ್ಟೇ ಟ್ರೇಯನ್ನು ತಂಪಾಗಿಡುತ್ತದೆ. ಬನ್ನು ಬನ್ನಿನ ನಡುವಿನ ಖಾಲಿ ಜಾಗ, ಅಂಚು, ಮೂಲೆಗಳಿಗೆ ಆ ರಕ್ಷಣೆ ಇಲ್ಲ. ನಾವು 11 ಟ್ರೇಗಳನ್ನು ಬೆಳಕಿಗೆ ಹಿಡಿದು ನೋಡಿದಾಗ ಅದೇ ಕಂಡಿತು. ಒಂಬತ್ತು ಟ್ರೇಗಳಲ್ಲಿ ಮೂಲೆಗಳು ಎದ್ದಿದ್ದವು, ಬನ್ ಕೂತ ದುಂಡು ಗುರುತುಗಳ ಒಳಗೆ ಕೋಟಿಂಗ್ ಹಾಗೇ ಇತ್ತು. ಇದು ಬಿಸಿಯ ಕೈವಾಡ. ಎರಡರಲ್ಲಿ ಮಾತ್ರ ಉದ್ದುದ್ದ ಗೀರುಗಳಗುಂಟ ಎದ್ದಿತ್ತು, ಅದು ಕೆರೆಯುವ ಪಟ್ಟಿಯದು. ಇಡೀ ಮೈ ಬಿಳಿಚಿಕೊಂಡಿದ್ದರೆ ಸೋಡಾದ ಮೇಲೆ ಅನುಮಾನ ಪಡಬೇಕು. ಬನ್ ಕೂತ ಜಾಗದಲ್ಲೂ ಹಾಳೆ ಹಾಳೆಯಾಗಿ ಎದ್ದು ಅಡಿಯಲ್ಲಿ ನುಣುಪಾದ ತಗಡು ಕಂಡರೆ, ಲೇಪನಕ್ಕೆ ಮೊದಲು ತಗಡನ್ನು ಒರಟು ಮಾಡದೆ, ಜಿಡ್ಡು ತೆಗೆಯದೆ ಬಳಿದಿದ್ದಾರೆ ಎಂದರ್ಥ. ಆಗ ಜಗಳ ಕಾಯಬಹುದು. ಎದ್ದ ಜಾಗವೇ ಹೀಗೆ ಸಾಕ್ಷಿ ಹೇಳುತ್ತದೆ, ಅದಕ್ಕೇ ಟ್ರೇಯನ್ನು ಉಜ್ಜಿ ತೊಳೆಯುವ ಮೊದಲೇ ಫೋಟೋ ತೆಗೆಯಬೇಕು.

ಇನ್ನೊಂದು ಕಾರಣ ಆಮೇಲೆ ಗೊತ್ತಾಯಿತು. ತೊಳೆದ ಟ್ರೇಗಳನ್ನು ರಾತ್ರಿ ಒಂದರ ಮೇಲೊಂದು ಪೇರಿಸಿ, ಬೇಗ ಒಣಗಲೆಂದು ಭಟ್ಟಿಯೊಳಗೆ ತಳ್ಳಿ ಬಾಗಿಲು ಮುಚ್ಚುತ್ತಿದ್ದರು. ಕಪ್ಪು ತಗಡಿನ ಟ್ರೇಗೆ ಅದು ಒಳ್ಳೆಯ ಅಭ್ಯಾಸ, ತುಕ್ಕು ಹಿಡಿಯುವುದಿಲ್ಲ. ಸಿಲಿಕೋನಿಗೆ ಅದು ದಿನವೂ ಖಾಲಿ ಹೊಟ್ಟೆಯಲ್ಲಿ ಬೆಂಕಿಗೆ ಕೂರಿಸಿದ ಹಾಗೆ. ಎರಡು ತಿಂಗಳಿಗೆ, ದಿನಕ್ಕೆ ಎರಡರಂತೆ, ಸುಮಾರು 120 ಸಲ ಬೇಯಿಸಿದ್ದರು. ನೂರಾರು ಸಲ ಬರಬೇಕಾದ ಲೇಪನ ಅಷ್ಟರಲ್ಲೇ ಸೋತದ್ದಕ್ಕೆ ಈ ಒಣಗಿಸುವಿಕೆಯ ಪಾಲೂ ದೊಡ್ಡದು.

ಅಜ್ಜಿಯ ಮೊಮ್ಮಗ ತಿಂದಿರಬಹುದಾದ ಚೂರಿನ ಬಗ್ಗೆ ಮಾಲೀಕರಿಗೆ ಭಯ ಹೋಗಿರಲಿಲ್ಲ. ಚೆನ್ನಾಗಿ ಬೆಂದು ಗಟ್ಟಿಯಾದ ಸಿಲಿಕೋನ್ ಲೇಪನದ ಒಂದು ಚೂರು ಹೊಟ್ಟೆಗೆ ಹೋದರೆ ಅರಗದೆ ಹೊರಹೋಗುತ್ತದೆ ಎಂದೆ. ಆದರೂ ಅದು ಬನ್ನಿನಲ್ಲಿ ಇರಬೇಕಾದ ವಸ್ತುವಲ್ಲ. ಚೂರು ಬಿಡುತ್ತಿರುವ ಟ್ರೇಯಲ್ಲಿ ಬೇಯಿಸಿ ಮಾರುವುದಕ್ಕೆ ಯಾವ ಸರ್ಟಿಫಿಕೇಟೂ ರಕ್ಷಣೆ ಕೊಡುವುದಿಲ್ಲ.

ಪ್ರಯೋಗಾಲಯದ ವರದಿಯೂ ಉತ್ತರದ ಜೊತೆಗಿತ್ತು, ಈ ಸಲ ಕೋಟಿಂಗ್ ತಯಾರಿಸಿದವರ ಹೆಸರಿನಲ್ಲಿ, ಅದೇ ಕೋಡ್ ನಂಬರಿಗೆ. ಎನ್‌ಎಬಿಎಲ್ ಮುದ್ರೆ ಇದ್ದ ವರದಿಯ ಮೇಲೆ ULR ಎಂದು ಶುರುವಾಗುವ ಉದ್ದನೆಯ ನಂಬರು ಇರುತ್ತದೆ, ಇಲ್ಲೂ ಇತ್ತು. ಮುದ್ರೆ ನೋಡಿ ಅಲ್ಲಿಗೇ ನಿಲ್ಲಬಾರದು. ಎನ್‌ಎಬಿಎಲ್ ಜಾಲತಾಣದಲ್ಲಿ ಆ ಪ್ರಯೋಗಾಲಯಕ್ಕೆ ಯಾವ ಯಾವ ಪರೀಕ್ಷೆಗೆ ಮಾನ್ಯತೆ ಇದೆ ಎಂಬ ಪಟ್ಟಿ ಸಿಗುತ್ತದೆ. ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದವರು ಲೇಪನದ ಪರೀಕ್ಷೆ ಮಾಡಿದ್ದರೆ ಆ ಮುದ್ರೆಗೆ ಬೆಲೆಯಿಲ್ಲ. ಇದರಲ್ಲಿ ಮಾನ್ಯತೆ ಸರಿಯಾಗಿತ್ತು. ಎರಡನೇ ಪುಟದಲ್ಲಿ ಪರೀಕ್ಷೆಯ ಸ್ಥಿತಿ ಇತ್ತು: ಅಸಿಟಿಕ್ ಆಮ್ಲ 3 ಪರ್ಸೆಂಟ್, 70 ಡಿಗ್ರಿ, 2 ಗಂಟೆ. ಎಣ್ಣೆಯ ಪರೀಕ್ಷೆ ಇರಲಿಲ್ಲ. ಬೆಣ್ಣೆ ಬಿಸ್ಕತ್ತಿನ ಟ್ರೇಗೆ ಎಣ್ಣೆಯ ಪರೀಕ್ಷೆ ಇಲ್ಲದ ವರದಿ, ಉಪ್ಪಿಲ್ಲದ ಸಾರಿನ ಹಾಗೆ.

ಮೂರನೇ ಕಾಗದ ಚಿಕ್ಕದಾಗಿತ್ತು. ಭಟ್ಟಿಯಲ್ಲಿ ಬಳಸಿದ್ದು ನಮ್ಮ ತಪ್ಪು ಎಂದು ಮಾಲೀಕರೇ ಮೊದಲ ಸಾಲಿನಲ್ಲಿ ಬರೆಸಿದರು. ಎದ್ದ 11 ಟ್ರೇಗಳ ಲೇಪನ ಪೂರ್ತಿ ತೆಗೆದು ಮತ್ತೆ ಹಚ್ಚಿಕೊಡಲು ಎಷ್ಟಾಗುತ್ತದೆ ಎಂದು ಕೇಳಿದರು. ಎಣ್ಣೆಯಲ್ಲಿ, ಹೆಚ್ಚು ಬಿಸಿಯಲ್ಲಿ ಮಾಡಿದ ಪರೀಕ್ಷೆಯ ವರದಿ ಇದ್ದರೆ ಕಳಿಸಿ, ಇಲ್ಲದಿದ್ದರೆ ಇಲ್ಲವೆಂದು ಬರೆಯಿರಿ ಎಂದರು. ಅರ್ಧ ದರಕ್ಕೆ ಮರುಲೇಪನ ಮಾಡಿಕೊಡುವುದಾಗಿ ಎಂಜಿನಿಯರ್ ಒಪ್ಪಿದ್ದಾರೆ. ವರದಿಯನ್ನು ಕೋಟಿಂಗ್ ಕಂಪನಿಯಿಂದ ತರಿಸಬೇಕು, ಸಮಯ ಬೇಕು ಎಂದಿದ್ದಾರೆ.

ಅಲ್ಲಿಯವರೆಗೆ ಭಟ್ಟಿಗೆ ಅಟ್ಟದ ಮೇಲಿದ್ದ ಹಳೇ ಕಪ್ಪು ತಗಡಿನ ಟ್ರೇಗಳು ಇಳಿದಿವೆ. ಅವುಗಳ ಅಂಚಿನಲ್ಲಿ ಮಾಸ್ಟರ್ ಮೊಳೆಯಿಂದ ಒಂದು ಗುಳಿ ಹೊಡೆದಿದ್ದಾರೆ, ಹೊಸ ಟ್ರೇಗಳ ಅಂಚಿನ ಹೊರಮೈಗೆ ಎರಡು ಗುಳಿ. ಒಂದು ಗುಳಿಯದು ಭಟ್ಟಿಗೆ, ಎರಡು ಗುಳಿಯದು ಕರೆಂಟಿಗೆ. ಸದ್ಯಕ್ಕೆ ಎರಡು ಗುಳಿಯ 29 ಟ್ರೇಗಳೂ ಗೋಣಿಚೀಲದೊಳಗೆ ಕೂತು ಎಣ್ಣೆಯ ವರದಿಗಾಗಿ ಕಾಯುತ್ತಿವೆ. ಬೆಣ್ಣೆ ಬಿಸ್ಕತ್ತು ಈಗ ತಳಕ್ಕೆ ಸ್ವಲ್ಪ ಅಂಟುತ್ತಿದೆ, ಅಂಚು ಮುರಿದವನ್ನು ಮಾಲೀಕರು ಬೇರೆ ಡಬ್ಬಿಗೆ ಹಾಕಿ ಅರ್ಧ ಬೆಲೆಗೆ ಕೊಡುತ್ತಿದ್ದಾರೆ.